ಟಾರ್ಚ್, ಬೆಂಕಿಪೊಟ್ಟಣ, ನೆರಳು: ಎರಡನೇ ಕ್ಲಾಸಿನ ಮಕ್ಕಳ ಜೊತೆ ಮನೆಯಲ್ಲೇ ಮಾಡುವ ಪ್ರಯೋಗ

ಮುಂಬಯಿಯ ಮುಲುಂಡಿನ ನಮ್ಮ ಮನೆಗೆ ಭಾನುವಾರ ಸಂಜೆ ಬಿಲ್ಡಿಂಗಿನ ಆರು ಮಕ್ಕಳು ಕನ್ನಡ ಕಲಿಯಲು ಬರುತ್ತಾರೆ. ಎಲ್ಲರೂ ಎರಡನೇ ಕ್ಲಾಸು. ಸ್ಕೂಲಲ್ಲಿ ಇಂಗ್ಲಿಷ್, ಕೆಳಗೆ ಆಡುವಾಗ ಮರಾಠಿ, ಹಿಂದಿ, ಮನೆಯೊಳಗೆ ಕನ್ನಡ ಅಥವಾ ತುಳು. ಒಂದು ದಿನ ಪಾಠದಲ್ಲಿ "ನೆರಳು" ಅನ್ನುವ ಪದ ಬಂತು. "ಅಂದ್ರೆ ಶ್ಯಾಡೋ ಆಂಟಿ" ಅಂದಳು ಒಬ್ಬಳು. "ಅಲ್ಲ, ಶೇಡ್" ಅಂದ ಇನ್ನೊಬ್ಬ. ಮರದ ಕೆಳಗೆ ಇರೋದು ಶೇಡ್, ಗೋಡೆ ಮೇಲೆ ಕಾಣೋದು ಶ್ಯಾಡೋ, ಅವೆರಡೂ ಬೇರೆ ಬೇರೆ ಅಂತ ಇಬ್ಬರೂ ಜಗಳಕ್ಕೇ ನಿಂತರು.

ಕನ್ನಡದಲ್ಲಿ ಎರಡಕ್ಕೂ ಒಂದೇ ಪದ. ಮರಾಠಿಯ ಸಾವಲಿಯೂ ಹಾಗೇ. ಮರದ ನೆರಳಲ್ಲಿ ನಾವು ಹೋಗಿ ನಿಲ್ಲುತ್ತೇವೆ, ಅಂದರೆ ನೆರಳಿಗೆ ಒಳಗು ಇದೆ. ಆದರೆ ಗೋಡೆ ಮೇಲಿನ ನೆರಳನ್ನು ಮಕ್ಕಳು (ಎಷ್ಟೋ ದೊಡ್ಡವರು ಕೂಡ) ಒಂದು ಕಪ್ಪು ಚಿತ್ರ ಅಂದುಕೊಳ್ಳುತ್ತಾರೆ. ಟಾರ್ಚಿನ ಪ್ರಯೋಗ ಮಾಡಿಸುವವರು ಹೆಚ್ಚಾಗಿ ಗೋಡೆ ಮೇಲೆ ಮೊಲ, ಹಕ್ಕಿ ಮಾಡಿ ಮುಗಿಸಿಬಿಡುತ್ತಾರೆ. ಮಗು ಖುಷಿಯಾಗುತ್ತದೆ, ಆದರೆ ನೆರಳು ಅಂದರೇನು ಅನ್ನುವುದು ಅಲ್ಲೇ ಉಳಿಯುತ್ತದೆ. ನಾನು ಇಲ್ಲಿ ಬರೆಯುತ್ತಿರುವ ಪ್ರಯೋಗ ಎರಡೇ ಪ್ರಶ್ನೆಯ ಹಿಂದೆ ಹೋಗುತ್ತದೆ. ನೆರಳು ಎಲ್ಲಿದೆ? ಅದು ಯಾಕೆ ದೊಡ್ಡದು, ಚಿಕ್ಕದು ಆಗುತ್ತದೆ? ಎರಡು ಸಂಜೆ, ಅರ್ಧರ್ಧ ಗಂಟೆ ಸಾಕು. ಒಂದೇ ಸಲ ಮುಗಿಸಲು ಹೋಗಬೇಡಿ, ಏಳು ವರ್ಷದ ಮಕ್ಕಳು ಕತ್ತಲೆ ಕೋಣೆಯಲ್ಲಿ ಅರ್ಧ ಗಂಟೆಗಿಂತ ಜಾಸ್ತಿ ಒಂದೇ ವಿಷಯದ ಮೇಲೆ ನಿಲ್ಲುವುದಿಲ್ಲ.

ಮೊದಲು ಬೆಳಕು ಸರಿ ಮಾಡಿಕೊಳ್ಳಿ

ಅರ್ಧ ಕೆಲಸ ಇಲ್ಲೇ ಇದೆ. ಮನೆಯಲ್ಲಿರುವ ದೊಡ್ಡ ಟಾರ್ಚ್, ಒಳಗೆ ಬೆಳ್ಳಿ ಬಟ್ಟಲಿನ ಹಾಗೆ ಹೊಳೆಯುತ್ತದಲ್ಲ, ಅದು ಈ ಪ್ರಯೋಗಕ್ಕೆ ಅಷ್ಟು ಒಳ್ಳೆಯದಲ್ಲ. ಅದರಲ್ಲಿ ಬೆಳಕು ಬರುವುದು ಬಲ್ಬಿನಿಂದ ಮಾತ್ರ ಅಲ್ಲ, ಆ ಇಡೀ ಬಟ್ಟಲಿನಿಂದ. ಹಾಗಾಗಿ ನೆರಳಿನ ಅಂಚು ಮಸುಕಾಗುತ್ತದೆ, ಗೋಡೆ ಮೇಲೆ ಉಂಗುರ ಉಂಗುರವಾಗಿ ಬೆಳಕು ಬೀಳುತ್ತದೆ, ಮಕ್ಕಳು ನೆರಳು ಬಿಟ್ಟು ಆ ಉಂಗುರಗಳನ್ನೇ ನೋಡುತ್ತಾರೆ. ಮೊಬೈಲ್ ಫೋನಿನ ಟಾರ್ಚ್ ಚೆನ್ನಾಗಿ ಕೆಲಸ ಮಾಡುತ್ತದೆ. ಬೆಳಕು ಬರುವ ಜಾಗ ಅಕ್ಕಿಕಾಳಿನಷ್ಟು ಚಿಕ್ಕದು, ಅದಕ್ಕೇ ನೆರಳಿನ ಅಂಚು ಕತ್ತರಿಸಿದ ಹಾಗೆ ಬರುತ್ತದೆ. ಫೋನ್ ಕೊಡಲು ಮನಸ್ಸಿಲ್ಲ ಅಂದರೆ ದೊಡ್ಡ ಟಾರ್ಚಿನ ಮುಖಕ್ಕೆ ಕಪ್ಪು ಕಾಗದ ಅಂಟಿಸಿ, ನಡುವೆ ಪೆನ್ಸಿಲ್ ಹೋಗುವಷ್ಟು ತೂತು ಮಾಡಿ. ಬೆಳಕು ಕಡಿಮೆಯಾಗುತ್ತದೆ, ಅಂಚು ಮಾತ್ರ ಸರಿಯಾಗುತ್ತದೆ.

ಕೆಲವು ಫೋನುಗಳಲ್ಲಿ ಎರಡು ಚುಕ್ಕೆ ಒಟ್ಟಿಗೆ ಉರಿಯುತ್ತವೆ. ಆಗ ವಸ್ತುವನ್ನು ಬೆಳಕಿನ ಹತ್ತಿರ ತಂದಾಗ ನೆರಳಿನ ಅಂಚು ಜೋಡಿ ಜೋಡಿಯಾಗಿ ಕಾಣುತ್ತದೆ. ಒಂದು ಚುಕ್ಕೆಯ ಮೇಲೆ ಕಪ್ಪು ಟೇಪ್ ಹಾಕಿ.

ಇನ್ನು ಕತ್ತಲೆ. ಮುಂಬಯಿಯ ಮನೆಗಳಲ್ಲಿ ಪೂರ್ತಿ ಕತ್ತಲೆ ಸಿಗುವುದು ಕಷ್ಟ, ಕಿಟಕಿಯಿಂದ ಬೀದಿದೀಪ, ಬಾಗಿಲ ಕೆಳಗಿನಿಂದ ಪ್ಯಾಸೇಜಿನ ಲೈಟು. ಒಂದು ಬೆಡ್‌ಶೀಟ್ ಕಿಟಕಿಗೆ ಕಟ್ಟಿದರೆ ಸಾಕು, ಪೂರ್ತಿ ಕತ್ತಲೆ ಬೇಕಿಲ್ಲ. ಸರಿಯಾಗಿದೆಯಾ ಅಂತ ತಿಳಿಯಲು ಟಾರ್ಚ್ ಆರಿಸಿ ಗೋಡೆಯ ಹತ್ತಿರ ಕೈ ಹಿಡಿಯಿರಿ. ಆಗಲೂ ಕೈಯ ನೆರಳು ಕಂಡರೆ ಎಲ್ಲಿಂದಲೋ ಇನ್ನೊಂದು ಬೆಳಕು ಬರುತ್ತಿದೆ ಅಂತ. ಅದನ್ನು ಮುಚ್ಚದಿದ್ದರೆ ಆಮೇಲೆ ಎರಡು ನೆರಳು ಬಿದ್ದು ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ. ಫ್ಯಾನ್ ಆರಿಸಿ, ಕಾಗದ ಹಾರುತ್ತದೆ.

ಬೇಕಾಗುವ ಸಾಮಾನು ಇಷ್ಟು: ಒಂದು ದೊಡ್ಡ ಬಿಳಿ ಚಾರ್ಟ್ ಪೇಪರ್, ಕೆಲವು ಬಿಳಿ ಹಾಳೆ, ಖಾಲಿ ಮಾಡಿದ ಬೆಂಕಿಪೊಟ್ಟಣ ಎಂಟು (ಎಲ್ಲಾ ಒಂದೇ ಅಳತೆಯವು), ಹೊಲಿಗೆ ದಾರ, ಸ್ಟೀಲ್ ಲೋಟ, ಗಾಜಿನ ಲೋಟ, ಒಂದು ಪುಟ್ಟ ಗೊಂಬೆ, ಬಣ್ಣದ ಪಾರದರ್ಶಕ ಪ್ಲಾಸ್ಟಿಕ್ ಒಂದು ತುಂಡು, ಪೆನ್ಸಿಲ್, ಚಾಕ್‌ಪೀಸ್, ಟೇಪ್.

ಒಂದೇ ಒಂದು ನಿಯಮ, ಅದನ್ನು ಮೊದಲೇ ಹೇಳಿ: ಬೆಳಕು ಗೋಡೆಗೆ, ಯಾರ ಕಣ್ಣಿಗೂ ಅಲ್ಲ. ಲೇಸರ್ ಬೇಡವೇ ಬೇಡ, ಅದು ಕಣ್ಣಿಗೆ ನಿಜವಾಗಿ ಅಪಾಯ. ಜಾತ್ರೆಯಲ್ಲಿ, ಟ್ರೇನಿನಲ್ಲಿ ಸಿಗುವ ಪುಟ್ಟ ಕೀಚೈನ್ ಟಾರ್ಚುಗಳಲ್ಲಿ ಗುಂಡಿಯ ಹಾಗಿರುವ ಸೆಲ್ ಇರುತ್ತದೆ. ಮಕ್ಕಳು ಅದನ್ನು ನುಂಗಿದರೆ ಕೂಡಲೇ ಆಸ್ಪತ್ರೆಗೆ ಓಡಬೇಕಾಗುತ್ತದೆ, ಹಾಗಾಗಿ ಚಿಕ್ಕ ತಮ್ಮ ತಂಗಿಯರಿರುವ ಮನೆಯಲ್ಲಿ ಅದನ್ನು ತರಲೇಬೇಡಿ.

ಮೊದಲ ಸಂಜೆ: ನೆರಳು ಎಲ್ಲಿದೆ?

ಟಾರ್ಚ್ ಹಚ್ಚುವ ಮೊದಲು ಚಿತ್ರ ಬರೆಸಿ. "ಇಲ್ಲಿ ಟಾರ್ಚ್ ಇದೆ, ಇಲ್ಲಿ ಗೊಂಬೆ ಇದೆ, ಇಲ್ಲಿ ಗೋಡೆ. ನೆರಳು ಎಲ್ಲಿ ಬರುತ್ತೆ, ಹೇಗಿರುತ್ತೆ, ಬರೀರಿ" ಅನ್ನಿ. ನಮ್ಮ ಆರರಲ್ಲಿ ನಾಲ್ವರು ನೆರಳಿಗೆ ಕಣ್ಣು, ಬಾಯಿ ಬರೆದರು. ಒಬ್ಬ ಟಾರ್ಚ್ ಇರುವ ಕಡೆಗೇ ನೆರಳು ಹಾಕಿದ. ತಿದ್ದಬೇಡಿ, ನಗಬೇಡಿ. ಹೆಸರು ಬರೆಸಿ ಹಾಳೆ ಎತ್ತಿಡಿ, ಎರಡನೇ ಸಂಜೆ ಬೇಕಾಗುತ್ತದೆ.

ಈಗ ಟಾರ್ಚ್ ಹಚ್ಚಿ ಗೊಂಬೆ ಇಟ್ಟು ಗೋಡೆ ಮೇಲಿನ ನೆರಳು ನೋಡಲು ಬಿಡಿ. ಕಣ್ಣಿಲ್ಲ, ಬಾಯಿಲ್ಲ, ಅದು ಅವರಿಗೇ ಕಾಣುತ್ತದೆ. ಕಣ್ಣು ಬರೆದವರು ಕನ್ನಡಿಯ ಪ್ರತಿಬಿಂಬದ ಜೊತೆ ನೆರಳನ್ನು ಬೆರೆಸಿಕೊಂಡಿರುತ್ತಾರೆ. ಅವರಿಗೆ ಒಂದು ಸಲ ಗೊಂಬೆಯ ಮುಖವನ್ನು ಟಾರ್ಚಿನ ಕಡೆಗೆ, ಇನ್ನೊಂದು ಸಲ ಗೋಡೆಯ ಕಡೆಗೆ ತಿರುಗಿಸಿ ತೋರಿಸಿ. ಗೊಂಬೆ ಯಾವ ಕಡೆ ನೋಡುತ್ತಿದೆ ಅಂತ ನೆರಳು ನೋಡಿ ಹೇಳಲು ಆಗುವುದಿಲ್ಲ ಅನ್ನುವುದು ಅವರಿಗೆ ದೊಡ್ಡ ಆಶ್ಚರ್ಯ. ಗೊಂಬೆಯನ್ನು ಪಕ್ಕಕ್ಕೆ ತಿರುಗಿಸಿದರೆ ಮಾತ್ರ ಮೂಗು ಕಾಣುತ್ತದೆ, ಯಾಕೆಂದರೆ ಈಗ ಬೆಳಕನ್ನು ತಡೆಯುತ್ತಿರುವ ಅಂಚಿಗೆ ಮೂಗು ಬಂದಿದೆ.

ಇದಾದ ಮೇಲೆ ಮುಖ್ಯವಾದದ್ದು. ಸ್ಟೀಲ್ ಲೋಟವನ್ನು ಟಾರ್ಚಿಗೂ ಗೋಡೆಗೂ ನಡುವೆ ಇಡಿ. ಗೋಡೆ ಮೇಲೆ ಲೋಟದ ನೆರಳು ಬೀಳುತ್ತದೆ. ಒಂದು ಮಗುವಿನ ಕೈಗೆ ಬಿಳಿ ಹಾಳೆ ಕೊಟ್ಟು, ಗೋಡೆಯ ಹತ್ತಿರದಿಂದ ಶುರು ಮಾಡಿ ಲೋಟದ ಕಡೆಗೆ ನಿಧಾನಕ್ಕೆ ಹಾಳೆ ತರಲು ಹೇಳಿ, ಹಾಳೆ ಗೋಡೆಗೆ ಸಮನಾಗಿ ನೆಟ್ಟಗೆ ಇರಲಿ. ಗೋಡೆ ಮೇಲಿದ್ದ ನೆರಳು ಹಾಳೆಯ ಮೇಲೆ ಬರುತ್ತದೆ. ಇನ್ನೂ ಮುಂದೆ ತಂದರೂ ಇದೆ. ನಡುವೆ ಎಲ್ಲಿ ಹಿಡಿದರೂ ಇದೆ! ಗಾಳಿಯಲ್ಲಿ ಕಾಣದೆ ಇದ್ದ ನೆರಳನ್ನು ಹಾಳೆ ಹಿಡಿದುಕೊಂಡಿತು. ಇದನ್ನು ಪ್ರತಿ ಮಗುವೂ ತನ್ನ ಕೈಯಿಂದಲೇ ಮಾಡಬೇಕು, ಒಬ್ಬರು ಮಾಡಿದ್ದನ್ನು ಉಳಿದವರು ನೋಡಿದರೆ ಸಾಲದು.

ಅಲ್ಲಿಗೆ ಪುಟ್ಟ ಗೊಂಬೆಯನ್ನು ತಂದು ಲೋಟಕ್ಕೂ ಗೋಡೆಗೂ ನಡುವೆ ಕೂರಿಸಿ. "ಗೊಂಬೆಗೆ ಟಾರ್ಚ್ ಕಾಣುತ್ತಾ?" ಅಂತ ಕೇಳಿ. ಗೊಂಬೆ ಕತ್ತಲೆಯಲ್ಲಿ ಕೂತಿದೆ. ನಮ್ಮಲ್ಲಿ ಮೊದಲ ದಿನ ಶೇಡ್ ಅಂದಿದ್ದ ಹುಡುಗನೇ ಹೇಳಿದ, "ಗೊಂಬೆ ಲೋಟದ ನೆರಳಲ್ಲಿ ಕೂತಿದೆ, ಮರದ ಕೆಳಗೆ ಕೂತ ಹಾಗೆ." ನಾನು ಬೇರೆ ಏನೂ ಹೇಳಬೇಕಾಗಲಿಲ್ಲ. ಗೊಂಬೆಯನ್ನು ಸ್ವಲ್ಪ ಸ್ವಲ್ಪವೇ ಪಕ್ಕಕ್ಕೆ ಸರಿಸುತ್ತಾ ಹೋದರೆ ಒಂದು ಜಾಗದಲ್ಲಿ ಅದರ ಅರ್ಧ ಮುಖಕ್ಕೆ ಬೆಳಕು ಬೀಳುತ್ತದೆ, ಅಲ್ಲಿಗೆ ನೆರಳು ಮುಗಿಯಿತು. ಹೀಗೆ ಲೋಟದ ಹಿಂದೆ ನೆಲದ ಮೇಲೆ ನೆರಳಿನ ಅಂಚು ಎಲ್ಲೆಲ್ಲಿ ಇದೆ ಅಂತ ಚಾಕ್‌ಪೀಸಿನಿಂದ ಗುರುತು ಹಾಕಿಸಿ. ಗೋಡೆಯ ಕಡೆಗೆ ಹೋದ ಹಾಗೆ ಆ ಎರಡು ಗೆರೆ ಅಗಲವಾಗುತ್ತಾ ಹೋಗುತ್ತವೆ. ಅದನ್ನು ಈಗ ವಿವರಿಸಬೇಡಿ. ಗೆರೆ ಹಾಗೇ ಇರಲಿ, ಒರೆಸಬೇಡಿ.

ಎರಡನೇ ಸಂಜೆ: ಬೆಂಕಿಪೊಟ್ಟಣದ ಲೆಕ್ಕ

ಈ ಭಾಗದಲ್ಲಿ ಟಾರ್ಚ್ ಅಲುಗಬಾರದು, ಗೋಡೆ ಹೇಗೂ ಅಲುಗುವುದಿಲ್ಲ, ಬೆಂಕಿಪೊಟ್ಟಣ ಒಂದೇ ಸರಿಯಬೇಕು. ಮಕ್ಕಳ ಕೈಯಲ್ಲಿ ಟಾರ್ಚ್ ಕೊಟ್ಟರೆ ಟಾರ್ಚೂ ಸರಿಯುತ್ತದೆ, ಪೊಟ್ಟಣವೂ ಸರಿಯುತ್ತದೆ, ಕೊನೆಗೆ ಯಾವುದರಿಂದ ನೆರಳು ದೊಡ್ಡದಾಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೆ ಫೋನನ್ನು ತಲೆಕೆಳಗು ಮಾಡಿ, ಬೆಳಕಿನ ಚುಕ್ಕೆ ನೆಲದ ಹತ್ತಿರ ಬರುವ ಹಾಗೆ, ಒಂದು ಭಾರದ ಡಬ್ಬಿಗೆ ಒರಗಿಸಿ ಟೇಪ್ ಹಾಕಿಬಿಡಿ.

ನಮ್ಮ ಮನೆಯ ನೆಲದ ಟೈಲ್ಸ್ ಒಂದೊಂದು ಅಡಿಯವು, ಹಾಗಾಗಿ ಅಳತೆಪಟ್ಟಿಯೇ ಬೇಕಾಗಲಿಲ್ಲ. ಗೋಡೆಯಿಂದ ನಾಲ್ಕು ಟೈಲ್ಸ್ ಎಣಿಸಿ ಅಲ್ಲಿ ಬೆಳಕು ಇಟ್ಟೆ. ನಿಮ್ಮಲ್ಲಿ ಎರಡು ಅಡಿಯ ಟೈಲ್ಸ್ ಇದ್ದರೆ ಎರಡು ಟೈಲ್ಸ್ ದೂರ ಇಟ್ಟು, ಪ್ರತಿಯೊಂದು ಟೈಲ್ಸಿನ ಮಧ್ಯದಲ್ಲಿ ಚಾಕಿನ ಗೆರೆ ಎಳೆಯಿರಿ. ಚಾರ್ಟ್ ಪೇಪರನ್ನು ಅಡ್ಡಲಾಗಿ, ಕೆಳಗಿನ ಅಂಚು ನೆಲಕ್ಕೆ ತಾಗುವ ಹಾಗೆ ಗೋಡೆಗೆ ಅಂಟಿಸಿ.

ಬೆಂಕಿಪೊಟ್ಟಣವನ್ನು ಅದರ ಉದ್ದನೆಯ ಪಕ್ಕದ ಮೇಲೆ, ಕಡ್ಡಿ ಗೀರುವ ಭಾಗ ನೆಲಕ್ಕೆ ಬರುವ ಹಾಗೆ ಅಡ್ಡ ನಿಲ್ಲಿಸಿ. ಚಿತ್ರ ಇರುವ ಅಗಲದ ಮುಖ ಟಾರ್ಚಿನ ಕಡೆಗಿರಲಿ, ಆ ಮುಖವೇ ಟೈಲ್ಸಿನ ಗೆರೆಗೆ ಸರಿಯಾಗಿ ಬರಲಿ. ಅಳೆಯಬೇಕಾದದ್ದು ನೆರಳಿನ ಅಗಲ, ಎತ್ತರ ಅಲ್ಲ. ನಾನು ಮೊದಲ ಸಲ ಎತ್ತರ ಅಳೆಸಿ ಲೆಕ್ಕವೇ ಕೂಡಲಿಲ್ಲ. ಕಾರಣ ಇಷ್ಟೇ: ಬೆಳಕಿನ ಚುಕ್ಕೆ ನೆಲದಿಂದ ಒಂದೆರಡು ಸೆಂಟಿಮೀಟರ್ ಮೇಲಿರುತ್ತದೆ, ಅದಕ್ಕಿಂತ ಕೆಳಗಿನ ಭಾಗದ ನೆರಳು ಕೆಳಕ್ಕೆ ಹರಡಲು ಹೋಗಿ ನೆಲಕ್ಕೆ ಬಡಿಯುತ್ತದೆ, ಗೋಡೆ ತನಕ ಬರುವುದೇ ಇಲ್ಲ. ಅಗಲಕ್ಕೆ ಈ ತೊಂದರೆ ಇಲ್ಲ, ಎಡಕ್ಕೂ ಬಲಕ್ಕೂ ಜಾಗ ಇದೆ.

ಮೊದಲು ಪೊಟ್ಟಣವನ್ನು ಗೋಡೆಯ ಹತ್ತಿರವೇ ಇಡಿ. ನೆರಳು ಹೆಚ್ಚುಕಡಿಮೆ ಪೊಟ್ಟಣದಷ್ಟೇ. ಆಮೇಲೆ ಅದನ್ನು ನಡುವೆ, ಅಂದರೆ ಬೆಳಕಿನಿಂದ ಎರಡು ಟೈಲ್ಸ್ ದೂರಕ್ಕೆ ತರುವ ಮೊದಲು ಕೇಳಿ: ನೆರಳು ಎಷ್ಟು ಪೊಟ್ಟಣದಷ್ಟು ಅಗಲ ಇರುತ್ತೆ? ಪ್ರತಿಯೊಬ್ಬರೂ ಬೆರಳಿನಲ್ಲಿ ತೋರಿಸಲಿ. ಆಮೇಲೆ ಇಟ್ಟು, ನೆರಳಿನ ಎರಡೂ ಅಂಚಿಗೆ ಚಾರ್ಟಿನ ಮೇಲೆ ಪೆನ್ಸಿಲ್ ಗೆರೆ ಹಾಕಿಸಿ, ಆ ಗೆರೆಗಳ ನಡುವೆ ಖಾಲಿ ಪೊಟ್ಟಣಗಳನ್ನು ಸಾಲಾಗಿ ಜೋಡಿಸಿ ಎಣಿಸಲು ಬಿಡಿ. ಎರಡು ಪೊಟ್ಟಣ. ಮುಂದೆ ಬೆಳಕಿನಿಂದ ಒಂದೇ ಟೈಲ್ಸ್ ದೂರ. ನಮ್ಮ ಮಕ್ಕಳಲ್ಲಿ ಹೆಚ್ಚಿನವರು "ಮೂರು" ಅಂದರು, ಒಂದು ಟೈಲ್ಸ್ ಮುಂದೆ ಬಂತು, ಹಾಗಾಗಿ ಒಂದು ಪೊಟ್ಟಣ ಜಾಸ್ತಿ ಅನ್ನುವ ಲೆಕ್ಕ. ಬಂದದ್ದು ನಾಲ್ಕು. ಇನ್ನು ಅರ್ಧ ಟೈಲ್ಸ್ ದೂರ ಇಟ್ಟಾಗ ಎಂಟು! ಎಂಟೂ ಪೊಟ್ಟಣ ಜೋಡಿಸಿ ಮುಗಿಸುವಾಗ ಕೋಣೆಯಲ್ಲಿ ಕೂಗಾಟ.

ಸರಿಯಾಗಿ ಎಂಟೇ ಬರಬೇಕು ಅಂತೇನಿಲ್ಲ, ಬೆಳಕಿನ ಹತ್ತಿರ ಹೋದ ಹಾಗೆ ಒಂದು ಸೆಂಟಿಮೀಟರ್ ಆಚೀಚೆಯಾದರೂ ನೆರಳಿನಲ್ಲಿ ಅರ್ಧ ಪೊಟ್ಟಣ ಬದಲಾಗಿಬಿಡುತ್ತದೆ. ಎಂಟರ ಬದಲು ಏಳೋ ಎಂಟೂವರೆಯೋ ಬಂದರೆ ಚಿಂತೆ ಬೇಡ. ಆದರೆ ಎರಡು ಟೈಲ್ಸ್ ದೂರದಲ್ಲೇ ಎರಡರ ಬದಲು ಮೂರು ಬಂದರೆ ಟಾರ್ಚ್ ಸರಿದಿದೆ ಅಂತಲೇ ಅರ್ಥ, ದೂರ ಮತ್ತೆ ನೋಡಿ. ದೊಡ್ಡವರಿಗಾಗಿ ಹೇಳುತ್ತೇನೆ: ಬೆಳಕಿನಿಂದ ಗೋಡೆಗೆ ಇರುವ ದೂರವನ್ನು, ಬೆಳಕಿನಿಂದ ವಸ್ತುವಿಗೆ ಇರುವ ದೂರದಿಂದ ಭಾಗಿಸಿದರೆ ನೆರಳು ಎಷ್ಟು ಪಟ್ಟು ಅಂತ ಸಿಗುತ್ತದೆ. ನಾಲ್ಕನ್ನು ಎರಡರಿಂದ ಭಾಗಿಸಿದರೆ ಎರಡು, ಒಂದರಿಂದ ಭಾಗಿಸಿದರೆ ನಾಲ್ಕು, ಅರ್ಧದಿಂದ ಭಾಗಿಸಿದರೆ ಎಂಟು. ಎರಡನೇ ಕ್ಲಾಸಿಗೆ ಈ ಭಾಗಾಕಾರ ಬೇಡ, ಪೊಟ್ಟಣ ಎಣಿಸಿದರೆ ಸಾಕು.

ಯಾಕೆ ಅಂತ ಕೇಳಿದಾಗ

"ಯಾಕೆ ದೊಡ್ಡದಾಯ್ತು?" ಅಂದರೆ ಸಿಗುವ ಉತ್ತರ ಬಹುತೇಕ ಒಂದೇ. "ಟಾರ್ಚ್ ಹತ್ರ ಬಂತು ಅಲ್ವಾ ಆಂಟಿ, ಅಲ್ಲಿ ಬೆಳಕು ಜಾಸ್ತಿ, ಅದಕ್ಕೆ ನೆರಳೂ ಜಾಸ್ತಿ." ಕೇಳಲು ಸರಿಯಾಗೇ ಇದೆ. ತಪ್ಪು ಅಂತ ಬಾಯಲ್ಲಿ ಹೇಳುವುದಕ್ಕಿಂತ ಪರೀಕ್ಷೆ ಮಾಡಿ. ಪೊಟ್ಟಣ ಎರಡು ಟೈಲ್ಸ್ ದೂರದಲ್ಲೇ ಇರಲಿ. ಎಷ್ಟೋ ಫೋನುಗಳಲ್ಲಿ ಟಾರ್ಚಿನ ಬೆಳಕನ್ನು ಹೆಚ್ಚು, ಕಡಿಮೆ ಮಾಡಬಹುದು. ಬೆಳಕು ಪೂರ್ತಿ ಕಡಿಮೆ ಮಾಡಿ, ಮತ್ತೆ ಪೂರ್ತಿ ಜಾಸ್ತಿ ಮಾಡಿ. ನೆರಳಿನ ಅಂಚು ಪೆನ್ಸಿಲ್ ಗೆರೆ ಬಿಟ್ಟು ಒಂದು ಕೂದಲೆಳೆಯಷ್ಟೂ ಸರಿಯುವುದಿಲ್ಲ. ಸುತ್ತಲಿನ ಗೋಡೆ ಬೆಳಗುತ್ತದೆ, ಮಂಕಾಗುತ್ತದೆ, ಅಷ್ಟೇ. ನಿಮ್ಮ ಫೋನಿನಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ತೂತು ಮಾಡಿದ ಕಾಗದದ ಟಾರ್ಚನ್ನು ಅದೇ ಜಾಗದಲ್ಲಿ ಇಟ್ಟು ನೋಡಿ.

ಹಾಗಾದರೆ ಕಾರಣ ಏನು? ಈಗ ದಾರ ತೆಗೆಯಿರಿ. ಲೈಟ್ ಹಾಕಿಯೇ ಇದನ್ನು ಮಾಡಬಹುದು, ಗೋಡೆ ಮೇಲೆ ಪೆನ್ಸಿಲ್ ಗೆರೆ ಇದೆಯಲ್ಲ. ಒಬ್ಬರು ದಾರದ ತುದಿಯನ್ನು ಬೆಳಕಿನ ಚುಕ್ಕೆಯ ಹತ್ತಿರ ಹಿಡಿಯಲಿ (ಟಾರ್ಚ್ ಆರಿಸಿರಿ, ಕಣ್ಣಿಗೆ ಹೊಡೆಯುತ್ತದೆ), ಇನ್ನೊಬ್ಬರು ದಾರವನ್ನು ಬಿಗಿಯಾಗಿ ಎಳೆದು, ಪೊಟ್ಟಣದ ಎಡ ಅಂಚಿಗೆ ಸುಮ್ನೆ ತಾಗಿಸಿಕೊಂಡು, ಗೋಡೆಗೆ ಒಯ್ಯಲಿ. ದಾರ ಗೋಡೆಗೆ ತಾಗುವುದು ಎಲ್ಲಿ? ಅದೇ ಪೆನ್ಸಿಲ್ ಗೆರೆಯ ಮೇಲೆ. ಬಲ ಅಂಚಿಗೂ ಇನ್ನೊಂದು ದಾರ. ದಾರ ಜೋಲಾಡಿದರೆ ಅಥವಾ ಪೊಟ್ಟಣವನ್ನು ಒತ್ತಿ ಬಾಗಿದರೆ ಗೆರೆ ತಪ್ಪುತ್ತದೆ. ಉಲ್ಲನ್ ದಾರ ಬೇಡ, ಅದು ಹಿಗ್ಗುತ್ತದೆ.

ಎರಡು ದಾರಗಳ ನಡುವಿನ ಜಾಗವೇ ನೆರಳು. ಪೊಟ್ಟಣವನ್ನು ಬೆಳಕಿನ ಹತ್ತಿರ ತಂದು ಮತ್ತೆ ದಾರ ಎಳೆಯಿರಿ, ದಾರಗಳು ಕತ್ತರಿ ಬಿಚ್ಚಿದ ಹಾಗೆ ಅಗಲವಾಗುತ್ತವೆ. ಮೊದಲ ಸಂಜೆ ನೆಲದ ಮೇಲೆ ಹಾಕಿದ್ದ ಚಾಕಿನ ಗೆರೆ ಈಗ ತೋರಿಸಿ. "ಇದೂ ದಾರವೇ" ಅಂತ ಮಕ್ಕಳೇ ಹೇಳುತ್ತಾರೆ. ಬೆಳಕು ಪೊಟ್ಟಣವನ್ನು ಸುತ್ತಿಕೊಂಡು ಹಿಂದಕ್ಕೆ ಬರುವುದಿಲ್ಲ, ದಾರದ ಹಾಗೆ ನೆಟ್ಟಗೆ ಹೋಗುತ್ತದೆ, ಹತ್ತಿರ ಇರುವ ವಸ್ತು ಜಾಸ್ತಿ ದಾರಿಗಳನ್ನು ತಡೆಯುತ್ತದೆ. ಇದಕ್ಕಿಂತ ಮುಂದಕ್ಕೆ ಹೋಗಬೇಕಾಗಿಲ್ಲ.

ಆಗಲೂ ಯಾರಿಗಾದರೂ ಹೊಳೆಯದಿದ್ದರೆ ಕಿಟಕಿಯ ಬೆಡ್‌ಶೀಟ್ ತೆಗೆದು, ಒಂದು ಕಣ್ಣು ಮುಚ್ಚಿ ಹೆಬ್ಬೆರಳನ್ನು ಇನ್ನೊಂದು ಕಣ್ಣಿನ ಹತ್ತಿರ ಹಿಡಿಯಲು ಹೇಳಿ. ಎದುರಿನ ಇಪ್ಪತ್ತು ಮಹಡಿಯ ಟವರ್ ಪೂರ್ತಿ ಮಾಯ. ಕೈ ಚಾಚಿ ಹಿಡಿದರೆ ಅದೇ ಹೆಬ್ಬೆರಳು ಕೆಲವು ಕಿಟಕಿಗಳನ್ನಷ್ಟೇ ಮುಚ್ಚುತ್ತದೆ. ಟಾರ್ಚಿನ ಜಾಗದಲ್ಲಿ ಕಣ್ಣು ಇದೆ, ಅಷ್ಟೇ ವ್ಯತ್ಯಾಸ.

ಸಮಯ ಉಳಿದರೆ ಗಾಜು ಮತ್ತು ಬಣ್ಣ

ಗಾಜಿನ ಲೋಟಕ್ಕೆ ನೆರಳೇ ಬರುವುದಿಲ್ಲ ಅಂತ ಹೆಚ್ಚಿನ ಮಕ್ಕಳು ಹೇಳುತ್ತಾರೆ. ಇಟ್ಟು ನೋಡಿದರೆ ತೆಳು ನೆರಳು ಇರುತ್ತದೆ, ಅಂಚು ಮತ್ತು ತಳ ಕಪ್ಪಾಗಿರುತ್ತವೆ, ಜೊತೆಗೆ ಸುತ್ತಲಿನ ಗೋಡೆಗಿಂತಲೂ ಹೊಳೆಯುವ ಗೆರೆಗಳಿರುತ್ತವೆ. ಬಾಗಿದ ಗಾಜು ಬೆಳಕನ್ನು ತಿರುಗಿಸಿ ಒಂದೇ ಕಡೆ ಗುಡ್ಡೆ ಹಾಕುವುದರಿಂದ ಆ ಗೆರೆ. ಬಣ್ಣದ ಪಾರದರ್ಶಕ ಪ್ಲಾಸ್ಟಿಕ್ ಹಿಡಿದರೆ ಬಣ್ಣದ ನೆರಳು. ನಮ್ಮ ಕರ್ನಾಟಕದ ತೊಗಲುಗೊಂಬೆಯ ಪರದೆ ಮೇಲೆ ಕೆಂಪು, ಹಸಿರು ಕಾಣುವುದೂ ಹೀಗೇ, ಬೆಳಕು ದಾಟುವಷ್ಟು ತೆಳುವಾಗಿ ಹದ ಮಾಡಿದ ತೊಗಲಿಗೆ ಬಣ್ಣ ಹಾಕಿರುತ್ತಾರೆ. ಸ್ಟೀಲ್ ಲೋಟ ಎಷ್ಟು ಹೊಳೆದರೂ ಅದರ ನೆರಳು ಕಪ್ಪೇ. ಆದರೆ ಲೋಟಕ್ಕೆ ಬಡಿದ ಬೆಳಕು ವಾಪಸ್ ಬಂದು ಪಕ್ಕದ ಗೋಡೆ ಮೇಲೆ ಎಲ್ಲೋ ಕುಣಿಯುತ್ತಿರುತ್ತದೆ, ಅದನ್ನು ಹುಡುಕಲು ಮಕ್ಕಳಿಗೆ ಬಿಡಿ.

ಬಿಸಿಲಿನಲ್ಲಿ ಪೊಟ್ಟಣದ ಲೆಕ್ಕ ನಡೆಯುವುದಿಲ್ಲ, ಅದನ್ನು ಮೊದಲೇ ತಿಳಿದುಕೊಂಡಿರಿ. ಸೂರ್ಯ ಅಷ್ಟು ದೂರ ಇರುವುದರಿಂದ ನೆಲದಿಂದ ಒಂದಡಿ ಎತ್ತಿ ಹಿಡಿದರೂ ಪೊಟ್ಟಣದ ನೆರಳು ದೊಡ್ಡದಾಗುವುದಿಲ್ಲ, ಅಂಚು ಮಸುಕಾಗುತ್ತದೆ. ಬಿಸಿಲಿನಲ್ಲಿ ನೋಡಬೇಕಾದ್ದೇ ಬೇರೆ. ಮುಂಬಯಿಯಲ್ಲಿ ಮೇ ತಿಂಗಳ ನಡುವಿನಲ್ಲಿ ಒಂದು ದಿನ, ಮಧ್ಯಾಹ್ನ ಸುಮಾರು 12:35ಕ್ಕೆ, ಸೂರ್ಯ ನೆತ್ತಿಯ ಮೇಲೆ ಸರಿಯಾಗಿ ಬಂದು ನೆಟ್ಟಗೆ ನಿಲ್ಲಿಸಿದ ಲೋಟಕ್ಕೆ ಪಕ್ಕದಲ್ಲಿ ನೆರಳೇ ಇರುವುದಿಲ್ಲ. ಜುಲೈ ಕೊನೆಯ ವಾರದಲ್ಲಿ ಇನ್ನೊಮ್ಮೆ ಹಾಗಾಗುತ್ತದೆ, ಆದರೆ ಆಗ ನಮ್ಮಲ್ಲಿ ಮೋಡ. ಪುಣೆಗೆ ಮೇ ತಿಂಗಳಲ್ಲಿ ಒಂದೆರಡು ದಿನ ಮೊದಲು, ಗೋವಾಕ್ಕೆ ಮೇ ಮೊದಲ ವಾರದಲ್ಲೇ ಈ ದಿನ ಬರುತ್ತದೆ.

ಎರಡನೇ ಸಂಜೆ ಮುಗಿಯುವಾಗ ಹಳೆ ಚಿತ್ರ ವಾಪಸ್ ಕೊಟ್ಟು ಅದರ ಪಕ್ಕದಲ್ಲಿ ಹೊಸದು ಬರೆಸಿ. ನೋಡಬೇಕಾದ್ದು ಮೂರು: ಕಣ್ಣು, ಬಾಯಿ ಹೋಗಿದೆಯಾ, ನೆರಳು ಟಾರ್ಚಿನ ಎದುರು ಬದಿಗೆ ಬಂದಿದೆಯಾ, ಟಾರ್ಚಿನ ಹತ್ತಿರ ಇಟ್ಟ ಗೊಂಬೆಗೆ ದೊಡ್ಡ ನೆರಳು ಬರೆದಿದ್ದಾರಾ. ನಮ್ಮಲ್ಲಿ ಒಬ್ಬ ಇನ್ನೂ ಬಾಯಿ ಬರೆದಿದ್ದ. ಮೊದಲ ದಿನ ಶ್ಯಾಡೋ ಅಂದಿದ್ದ ಹುಡುಗಿ ಮಾತ್ರ ಗೋಡೆ ಮೇಲೆ ನೆರಳು ಬರೆದು ನಿಲ್ಲಿಸಲಿಲ್ಲ. ಗೊಂಬೆಯ ಬೆನ್ನಿನಿಂದ ಗೋಡೆಯ ತನಕ ಇಡೀ ಜಾಗಕ್ಕೆ ಪೆನ್ಸಿಲಿನಿಂದ ಕಪ್ಪು ತುಂಬಿಸುತ್ತಾ ಕೂತಿದ್ದಳು, ಅಮ್ಮ ಕರೆಯಲು ಬಂದಾಗ "ಒಂದ್ನಿಮಿಷ ಅಮ್ಮಾ, ನೆರಳು ಇನ್ನೂ ಅರ್ಧ ಬಾಕಿ ಇದೆ" ಅಂದಳು.